ಷೇರು ಹೋಯಿತು, 1,20,000 ಎಲ್ಲಿ ಉಳಿಯಿತು?

ಅಂಧೇರಿಯ ಒಂದು ಕಂಪನಿಯ ಆಡಿಟ್‌ಗೆ ಹೋಗಿದ್ದೆ. ಲೆಕ್ಕ ನೋಡುವ ಹುಡುಗ ಕುಂದಾಪುರದವನು. ಲಿಸ್ಟೆಡ್ ಕಂಪನಿಯೊಂದರ ಅಂಗಸಂಸ್ಥೆಯಾದ್ದರಿಂದ ಅವರಿಗೆ ಇಂಡ್ ಎಎಸ್ ಅನ್ನುವ ಅಕೌಂಟಿಂಗ್ ನಿಯಮಗಳ ಪ್ರಕಾರವೇ ಲೆಕ್ಕ. ಡೀಮ್ಯಾಟ್ ಸ್ಟೇಟ್‌ಮೆಂಟ್‌ನಲ್ಲಿ ಷೇರು ಸೊನ್ನೆ. ಇನ್ವೆಸ್ಟ್‌ಮೆಂಟ್ ಲೆಡ್ಜರ್‌ನಲ್ಲಿ ಮಾತ್ರ 1,20,000 ರೂಪಾಯಿ ಕೂತಿತ್ತು. "ಸರ್, ಎಲ್ಲಾ ಮಾರಿ ಆಗಿದೆ, ಇದೊಂದು ಯಾಕೆ ಹೋಗ್ತಿಲ್ಲ ಗೊತ್ತಾಗ್ತಿಲ್ಲ" ಅಂದ.

ಹಿಂದಕ್ಕೆ ಹೋದೆವು. 2023ರ ಆಗಸ್ಟ್‌ನಲ್ಲಿ 1,000 ಷೇರು, ತಲಾ 500 ರೂಪಾಯಿಗೆ ಕೊಂಡಿದ್ದರು. ಅಂದರೆ 5 ಲಕ್ಷ. ವರ್ಷ ಮುಗಿದಾಗ ಇದನ್ನು ಅಂದಿನ ಮಾರ್ಕೆಟ್ ಬೆಲೆಗೆ ತರಬೇಕು. 2024ರ ಮಾರ್ಚ್ 31 ಭಾನುವಾರ. 29 ಗುಡ್ ಫ್ರೈಡೇ, ಮಾರ್ಕೆಟ್ ರಜೆ. ಹಾಗಾಗಿ 28ರ ಕ್ಲೋಸಿಂಗ್ ಬೆಲೆ ಹಿಡಿದಿದ್ದರು, 620 ರೂಪಾಯಿ. ಅದು ಸರಿಯೇ. ಏರಿದ 1,20,000 ಆ ವರ್ಷದ ಲಾಭಕ್ಕೆ ಹೋಯಿತು, ಲೆಡ್ಜರ್ 6,20,000 ಆಯಿತು.

2024ರ ಸೆಪ್ಟೆಂಬರ್‌ನಲ್ಲಿ 650ಕ್ಕೆ ಮಾರಿದರು. ಬಂದದ್ದು 6,50,000. (ಬ್ರೋಕರೇಜ್ ಸದ್ಯ ಬಿಡೋಣ.) ಹುಡುಗ ಕೊಂಡ ಬೆಲೆ ಕಳೆದು 1,50,000 ಲಾಭ ಬರೆದ, ಲೆಡ್ಜರ್‌ನಿಂದ 5 ಲಕ್ಷ ಮಾತ್ರ ತೆಗೆದ. ಹೋದ ವರ್ಷ ತೋರಿಸಿದ 1,20,000 ಮತ್ತೊಮ್ಮೆ ಲಾಭವಾಯಿತು. ಲೆಡ್ಜರ್‌ನಲ್ಲಿ ಉಳಿದದ್ದೂ ಅದೇ ಮೊತ್ತ. ಸುಮ್ನೆ ರೈಟ್ ಆಫ್ ಮಾಡಿಬಿಡೋಣ ಅಂತಲೂ ಯೋಚಿಸಿದ್ದನಂತೆ! ಮೊತ್ತ ಹೇಗೋ ಸರಿಹೋಗುತ್ತಿತ್ತು, ಆದರೆ ಮಾರಾಟದ ಲಾಭ ಜಾಸ್ತಿ, ಜೊತೆಗೆ ಆಗದ ನಷ್ಟವೊಂದು ಪುಸ್ತಕದಲ್ಲಿ. ಸರಿಯಾಗಿ ಹೇಳಬೇಕಂದರೆ ಈ ವರ್ಷದ ಲಾಭ 30,000 ಅಷ್ಟೇ. 6,50,000ದಲ್ಲಿ 6,20,000 ಕಳೆಯಬೇಕು.

"ಹಾಗಾದ್ರೆ ಟ್ಯಾಕ್ಸೂ 30,000ಕ್ಕೇ ಅಲ್ವಾ ಸರ್?" ಅಂದ. ಅಲ್ಲ. ಇನ್ಕಮ್ ಟ್ಯಾಕ್ಸ್‌ನವರಿಗೆ ಬೇಕಾದದ್ದು ಕೊಂಡ ಬೆಲೆ. ಪುಸ್ತಕದ ಏರಿಳಿತ ಅವರಿಗೆ ಲೆಕ್ಕಕ್ಕಿಲ್ಲ. ಮೊದಲ ವರ್ಷದ 1,20,000ಕ್ಕೆ ತೆರಿಗೆ ಇರಲಿಲ್ಲ, ಅದನ್ನು ತೆರಿಗೆಯ ಕಂಪ್ಯೂಟೇಶನ್‌ನಲ್ಲಿ ಕಳೆದು, ಮುಂದೆ ಕಟ್ಟಬೇಕಾದ ತೆರಿಗೆ ಅಂತ ಪುಸ್ತಕದಲ್ಲಿ ಡಿಫರ್ಡ್ ಟ್ಯಾಕ್ಸ್ ಇಟ್ಟಿರಬೇಕು. ಮಾರಿದ ವರ್ಷ ಪೂರಾ 1,50,000 ಬರುತ್ತದೆ. ಒಂದು ವರ್ಷ ದಾಟಿದ್ದರಿಂದ ಲಾಂಗ್ ಟರ್ಮ್. ಬೇರೆ ಇಂಥ ಲಾಭ ಇಲ್ಲದಿದ್ದರೆ 1,25,000 ಬಿಟ್ಟು, ಉಳಿದ 25,000ಕ್ಕೆ ಶೇ. 12.5, ಅಂದರೆ 3,125 ರೂಪಾಯಿ, ಮೇಲೆ ಸೆಸ್.

ಇನ್ನೊಂದು ದಾರಿಯೂ ಇತ್ತು. ಟ್ರೇಡಿಂಗ್‌ಗಲ್ಲದ ಷೇರಾದರೆ, ಏರಿಳಿತವನ್ನು ವರ್ಷದ ಲಾಭಕ್ಕೆ ಸೇರಿಸದೆ ಬೇರೆಯಾಗಿ ತೋರಿಸುವ ಓಸಿಐ ಅನ್ನು ಕೊಂಡ ದಿನವೇ ಆರಿಸಿಕೊಳ್ಳಬಹುದು. ಆಗ 1,20,000 ಮತ್ತು 30,000 ಎರಡೂ ಓಸಿಐಗೇ ಹೋಗುತ್ತವೆ. ಮಾರಿದರೂ ಲಾಭ-ನಷ್ಟದ ಪಟ್ಟಿಗೆ ಬರುವುದಿಲ್ಲ, ಬೇಕಿದ್ದರೆ ರಿಸರ್ವ್‌ನೊಳಗೇ ಬದಲಾಯಿಸಬಹುದು. ಆದರೆ ಒಮ್ಮೆ ಆರಿಸಿದರೆ ವಾಪಸ್ ಇಲ್ಲ. ಬೆಲೆ ಏರಿದ ಮೇಲೆ ಬಂದು "ಈಗ ಲಾಭಕ್ಕೆ ಹಾಕೋಣ" ಅನ್ನುವ ಡೈರೆಕ್ಟರ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹುಡುಗ 1,20,000ದ ಎಂಟ್ರಿ ತಿದ್ದಿದ. ಲೆಡ್ಜರ್ ಸೊನ್ನೆಗೆ ಬಂತು.