ಬರುವ ದಾರಿಯೂ ಸೇರಿದರೆ ವಿಮಾನದ ದರ ಇಳಿಯುವುದೇಕೆ?

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಓದಲು ಹೊರಟ ಹುಡುಗಿಯೊಬ್ಬಳು ಟಿಕೆಟ್ ಹುಡುಕುತ್ತಿದ್ದಾಳೆ ಎಂದುಕೊಳ್ಳಿ. ಹೋಗುವುದಕ್ಕೆ ಮಾತ್ರ 72 ಸಾವಿರ ರೂಪಾಯಿ, ಹೋಗಿಬರುವುದಕ್ಕೆ 58 ಸಾವಿರ. ಅಂಕಿಗಳು ನಾನು ಲೆಕ್ಕಕ್ಕೆಂದು ಹಿಡಿದವು. ಆದರೆ ಇಂಥ ತಲೆಕೆಳಗಾದ ದರ ದೂರದ ವಿಮಾನ ಪ್ರಯಾಣದಲ್ಲಿ ಅಪರೂಪವೇನಲ್ಲ.

ಹೆಚ್ಚು ಹಣ ಕೊಡಬಲ್ಲವರು ಯಾರೆಂದು ತಿಳಿಯುವುದು ವಿಮಾನ ಕಂಪನಿಗಳ ಹಳೆಯ ಚಿಂತೆ. ಬಾಯಿಬಿಟ್ಟು ಕೇಳುವಂತಿಲ್ಲ, ಕೇಳಿದರೂ ಯಾರು ನಿಜ ಹೇಳುತ್ತಾರೆ? ಹಾಗಾಗಿ ಪ್ರಯಾಣದ ರೀತಿಯಿಂದಲೇ ಊಹಿಸುತ್ತವೆ. ರಜೆಗೆ ಹೋಗುವವರು ಮರಳುವ ದಿನವನ್ನೂ ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ದರ ಏರಿದರೆ ಪ್ರವಾಸವನ್ನೇ ಕೈಬಿಡುತ್ತಾರೆ. ಕಚೇರಿಯ ಖರ್ಚಿನಲ್ಲಿ ಹೋಗುವವರು ಸೋಮವಾರ ಹೊರಟು ಗುರುವಾರ ಮರಳುತ್ತಾರೆ, ಇಲ್ಲವೇ ಯಾವಾಗ ಮರಳುವುದೆಂದೇ ಅವರಿಗೆ ತಿಳಿದಿರುವುದಿಲ್ಲ. ಅದಕ್ಕೇ ಅಗ್ಗದ ದರಕ್ಕೆ ಷರತ್ತುಗಳ ಬೇಲಿ ಕಟ್ಟುತ್ತಾರೆ: ಹೋಗಿಬರುವ ಟಿಕೆಟ್ ಆಗಿರಬೇಕು, ಅಲ್ಲಿ ಒಂದು ಶನಿವಾರದ ರಾತ್ರಿಯಾದರೂ ತಂಗಬೇಕು ಎಂದೆಲ್ಲ. ಹೋಗುವುದಕ್ಕೆ ಮಾತ್ರ ಕೇಳಿದ ವಿದ್ಯಾರ್ಥಿನಿ, ಕಂಪನಿಯ ಕಣ್ಣಿಗೆ ಕಾಸಿರುವ ಅಧಿಕಾರಿಯಂತೆ ಕಾಣುತ್ತಾಳೆ. ಹೋಗುವ, ಬರುವ ದಾರಿಗಳನ್ನು ಬೇರೆಬೇರೆಯಾಗಿಯೇ ಮಾರುವ ಅಗ್ಗದ ವಿಮಾನ ಕಂಪನಿಗಳಲ್ಲಿ ಈ ಒಗಟು ಬಹುಮಟ್ಟಿಗೆ ಇಲ್ಲ. ಬೆಂಗಳೂರು–ದೆಹಲಿ ಪ್ರಯಾಣಿಕರಿಗೆ ಇದರ ಬಿಸಿ ಅಷ್ಟಾಗಿ ತಟ್ಟದಿರುವುದಕ್ಕೆ ಅದೇ ಕಾರಣ.

ಹಾಗಾದರೆ 58 ಸಾವಿರದ ಟಿಕೆಟ್ ಕೊಂಡು, ಬರುವ ಭಾಗವನ್ನು ಬಿಟ್ಟುಬಿಟ್ಟರಾಯಿತಲ್ಲ? ಹಲವರು ಹಾಗೆ ಮಾಡುತ್ತಾರೆ. ಬಳಸದ ಅರ್ಧಕ್ಕೆ ಹಣ ಮರಳುತ್ತದೆ ಎಂದು ಮಾತ್ರ ನಂಬಬಾರದು. ಹಣ ಮರಳಿಸುವ ಟಿಕೆಟ್ ಆಗಿದ್ದರೂ, ಬಳಸಿದ ಭಾಗಕ್ಕೆ, ಹೋಗುವುದಕ್ಕೆ ಮಾತ್ರ ಇರುವ ಟಿಕೆಟ್‌ನ ದರವನ್ನೇ ಮುರಿದುಕೊಳ್ಳುವುದು ರೂಢಿ. 58ರಲ್ಲಿ 72 ಕಳೆದರೆ ಉಳಿಯುವುದೇನು? ಜೊತೆಗೆ ಕೆಲವು ಕಂಪನಿಗಳ ನಿಯಮಗಳು ಇಂಥ ಬಳಕೆಗೆ ದರವನ್ನು ಮತ್ತೆ ಲೆಕ್ಕಹಾಕುವ ಹಕ್ಕನ್ನು ಉಳಿಸಿಕೊಂಡಿವೆ. 2016ರಲ್ಲಿ ಓಸ್ಲೋ–ಸಿಯಾಟಲ್ ನಡುವೆ ಹೋಗಿಬರುವ ಟಿಕೆಟ್ ಕೊಂಡ ಪ್ರಯಾಣಿಕನೊಬ್ಬ ಮರಳುವಾಗ ಫ್ರಾಂಕ್‌ಫರ್ಟ್‌ನಲ್ಲೇ ಇಳಿದು ಕೊನೆಯ ಹಾರಾಟ ಬಿಟ್ಟ. ಲುಫ್ತಾನ್ಸಾ 2,000 ಯೂರೋಗೂ ಹೆಚ್ಚು ಕೇಳಿ ದಾವೆ ಹೂಡಿತು. ಬರ್ಲಿನ್‌ನ ಕೆಳ ನ್ಯಾಯಾಲಯ ಅದನ್ನು ವಜಾಮಾಡಿತಾದರೂ, ಕೋರ್ಟಿನ ಮೆಟ್ಟಿಲು ಹತ್ತುವ ತಾಪತ್ರಯ ಯಾರಿಗೆ ಬೇಕು?

ಬಿಡುವುದೇ ಆದರೂ ಕೊನೆಯ ಭಾಗವನ್ನು ಮಾತ್ರ ಬಿಡಬಹುದು. ಮೊದಲ ಹಾರಾಟ ತಪ್ಪಿಸಿದರೆ ಉಳಿದದ್ದು ಸಾಮಾನ್ಯವಾಗಿ ತಾನಾಗಿಯೇ ರದ್ದಾಗುತ್ತದೆ. ಜರ್ಮನಿಯಿಂದ ಊರಿಗೆ ಬರುವುದಕ್ಕೆ ಮಾತ್ರ ಟಿಕೆಟ್ ಬೇಕಾದವರು ಬೆಂಗಳೂರಿನಿಂದ ಆರಂಭವಾಗುವ ಟಿಕೆಟ್ ಕೊಂಡರೆ ಪ್ರಯೋಜನವಿಲ್ಲ. ಅಲ್ಲಿಂದಲೇ ಆರಂಭವಾಗುವ ಟಿಕೆಟ್ ನೋಡಬೇಕು.

ನಮ್ಮ ವಿದ್ಯಾರ್ಥಿನಿಗೆ ನೇರವಾದ ದಾರಿ ಬೇರೆಯೇ ಇದೆ. ದಿನ ಬದಲಿಸಲು ಅವಕಾಶವಿರುವ ಟಿಕೆಟ್ ಕೊಂಡು, ಮೊದಲ ದೀರ್ಘ ರಜೆಗೆ ಮರಳುವ ದಿನ ಹಾಕುವುದು. ಅಂಥ ಟಿಕೆಟ್ 64 ಸಾವಿರವಾದರೂ 72ಕ್ಕಿಂತ ಕಡಿಮೆಯೇ. ಕೊಳ್ಳುವ ಮುನ್ನ ಬದಲಾವಣೆಯ ಶುಲ್ಕದ ಜೊತೆಗೆ ಆ ದಿನದ ದರವ್ಯತ್ಯಾಸವನ್ನೂ ಕಟ್ಟಬೇಕೇ ಎಂದು ನೋಡಬೇಕು. ಡಿಸೆಂಬರ್‌ನಲ್ಲಿ ದೊಡ್ಡ ಪೆಟ್ಟು ಬೀಳುವುದು ಈ ವ್ಯತ್ಯಾಸದಿಂದಲೇ. ಕೆಲವು ಕಂಪನಿಗಳು ವಿದ್ಯಾರ್ಥಿಗಳಿಗೆ ಪ್ರತ್ಯೇಕ ದರವಿಟ್ಟು ಹೆಚ್ಚುವರಿ ಸಾಮಾನಿಗೂ ಅವಕಾಶ ಕೊಡುತ್ತವೆ. ಎರಡು ದೊಡ್ಡ ಪೆಟ್ಟಿಗೆ ಹೊತ್ತು ಹೊರಡುವವಳು ಸಾಮಾನಿನ ಶುಲ್ಕವನ್ನೂ ಸೇರಿಸಿಯೇ ಹೋಲಿಸಬೇಕು.