ಮದುವೆ ನಿಂತರೆ ಹಾಲ್‌ನ ಕರಾರೂ ನಿಂತಂತೆಯೇ?

ಹೋದ ತಿಂಗಳು ಡೊಂಬಿವಲಿಯಿಂದ ಒಬ್ಬ ತಾಯಿ, ಮಗನನ್ನು ಕರೆದುಕೊಂಡು ನನ್ನ ವಕೀಲಿ ಕಚೇರಿಗೆ ಬಂದಿದ್ದರು. ಮಗನ ನಿಶ್ಚಿತಾರ್ಥ ಮುರಿದಿದೆ. ಹಾಲ್‌ಗೆ ಕೊಟ್ಟ ಅಡ್ವಾನ್ಸ್ ವಾಪಸ್ ಬೇಕು. ಮಗ ಮೊಬೈಲ್‌ನಲ್ಲಿ ಓದಿಕೊಂಡು ಬಂದಿದ್ದ. "ಸರ್, ಸೆಕ್ಷನ್ 56 ಹಾಕಿ. ಮದುವೆಯೇ ಇಲ್ಲ ಅಂದ ಮೇಲೆ ಕರಾರು ಅಸಾಧ್ಯ ಆಯ್ತಲ್ಲ?"

ವರ್ಷಕ್ಕೆ ಹತ್ತು ಸಲವಾದರೂ ಈ ಮಾತು ಕೇಳುತ್ತೇನೆ, ಆದ್ದರಿಂದ ಒಮ್ಮೆ ಬರೆದೇ ಬಿಡುತ್ತೇನೆ. ಹಾಲ್‌ನವರು ನಿಮಗೆ ಮದುವೆ ಮಾಡಿಸಿಕೊಡುತ್ತೇವೆ ಎಂದು ಒಪ್ಪಿಲ್ಲ. ಇಂಥ ದಿನ, ಇಷ್ಟು ಹೊತ್ತು, ಇಷ್ಟು ಜನರಿಗೆ ಜಾಗ ಕೊಡುತ್ತೇವೆ ಎಂದು ಒಪ್ಪಿದ್ದಾರೆ. 1872ರ ಕರಾರು ಕಾಯ್ದೆಯ 56ನೇ ಕಲಮು ಕೇಳುವುದು ಒಪ್ಪಿಕೊಂಡ ಆ ಕೆಲಸ ಮಾಡಲಾಗದಂತೆ ಅಥವಾ ಕಾನೂನುಬಾಹಿರವಾಗುವಂತೆ ಆಯಿತೇ, ಅದೂ ತಡೆಯಲಾಗದ ಕಾರಣದಿಂದ ಆಯಿತೇ ಎಂದು. ಹುಡುಗಿ ಬೇಡ ಅಂದಳು ಎಂದು ಹಾಲ್‌ನ ಬಾಗಿಲು ಮುಚ್ಚಲಿಲ್ಲ. ಅವತ್ತೂ ಅದು ತೆರೆದೇ ಇರುತ್ತದೆ, ಸಾಲು ಕುರ್ಚಿಗಳೂ ಅಲ್ಲೇ ಇರುತ್ತವೆ.

ಇದಕ್ಕೆ ಉತ್ತರವಾಗಿ ಹುಡುಗ ಇಂಗ್ಲೆಂಡಿನ ರಾಜನ ಕತೆ ತೆಗೆದ. ಓದಿದವನೇ, ಮೆಚ್ಚಬೇಕು. 1902ರ ಜೂನ್‌ನಲ್ಲಿ ಏಳನೇ ಎಡ್ವರ್ಡ್‌ನ ಪಟ್ಟಾಭಿಷೇಕದ ಮೆರವಣಿಗೆ ನೋಡಲು ಒಬ್ಬಾತ ಲಂಡನ್‌ನ ಪಾಲ್ ಮಾಲ್ ಬೀದಿಯಲ್ಲಿ ಎರಡು ದಿನಕ್ಕೆ ಕೋಣೆಗಳನ್ನು 75 ಪೌಂಡ್‌ಗೆ ಹಿಡಿದಿದ್ದ. ರಾಜನಿಗೆ ಕಾಯಿಲೆಯಾಗಿ ಮೆರವಣಿಗೆ ಮುಂದಕ್ಕೆ ಹೋಯಿತು. ಕೋಣೆಗಳು ಇದ್ದಲ್ಲೇ ಇದ್ದರೂ, ಬಾಕಿ ಹಣ ಕೊಡಬೇಕಿಲ್ಲ ಎಂದು ನ್ಯಾಯಾಲಯ ಹೇಳಿತು. ಮೆರವಣಿಗೆಯೇ ಇಬ್ಬರಿಗೂ ಆ ಕರಾರಿನ ತಳಪಾಯವಾಗಿತ್ತು ಎಂಬುದು ಕಾರಣ. ಆದರೆ ರಾಜನ ಕಾಯಿಲೆಗೂ ಕೋಣೆ ಹಿಡಿದವನಿಗೂ ಏನೂ ಸಂಬಂಧವಿರಲಿಲ್ಲ. ನಿಶ್ಚಿತಾರ್ಥ ಮುರಿಯುವುದು ಬುಕ್ ಮಾಡಿದವರ ಮನೆಯೊಳಗಿನ ಸಂಗತಿ. ಅದರ ಭಾರವನ್ನು ಹಾಲ್‌ನವರ ತಲೆಗೆ ಕಟ್ಟಲು ನ್ಯಾಯಾಲಯ ಸುಲಭವಾಗಿ ಒಪ್ಪುವುದಿಲ್ಲ. ಎಂದೂ ಒಪ್ಪುವುದಿಲ್ಲ ಎಂದು ನಾನು ಬರೆದುಕೊಡಲಾರೆ, ಆದರೆ ಆ ವಾದವನ್ನು ನೆಚ್ಚಿಕೊಂಡು ನಿಮ್ಮ ಫೀ ತೆಗೆದುಕೊಳ್ಳಲೂ ಆರೆ.

ಹಾಗಾದರೆ 56 ಎಲ್ಲಿ ನಿಲ್ಲುತ್ತದೆ? ಕುಂದಾಪುರ ಕಡೆಯ ಒಬ್ಬ ಹಿರಿಯರ ಕೇಸು ಹೇಳುತ್ತೇನೆ. ಕ್ಯಾಂಟೀನ್‌ನಲ್ಲಿ ಮೂವತ್ತು ವರ್ಷ ದುಡಿದು ಮಗಳ ಮದುವೆಗೆ ಹಾಲ್ ಹಿಡಿದಿದ್ದರು. 2020ರ ಏಪ್ರಿಲ್ 26, ಭಾನುವಾರ, ಅಕ್ಷಯ ತೃತೀಯ. ಬಾಡಿಗೆ 2,40,000 ರೂಪಾಯಿ, ಅಡ್ವಾನ್ಸ್ 1,50,000. ರಸೀದಿಯ ಹಿಂದೆ ಮರಾಠಿಯಲ್ಲಿ ಸಣ್ಣಕ್ಷರ: ಮದುವೆಗೆ 30 ದಿನಕ್ಕಿಂತ ಕಡಿಮೆ ಇರುವಾಗ ರದ್ದು ಮಾಡಿದರೆ ಅಡ್ವಾನ್ಸ್ ವಾಪಸ್ ಸಿಗುವುದಿಲ್ಲ. ಸರ್ಕಾರಿ ನಿರ್ಬಂಧದ ಬಗ್ಗೆ ಅಲ್ಲಿ ಒಂದು ಅಕ್ಷರವೂ ಇರಲಿಲ್ಲ. ಇದ್ದಿದ್ದರೆ ಮೊದಲು ಅದೇ ನಡೆಯುತ್ತಿತ್ತು, ನಾವು 56ರ ತನಕ ಹೋಗುತ್ತಲೇ ಇರಲಿಲ್ಲ.

ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆ ಆಯಿತು. ಮಾರ್ಚ್ 28ಕ್ಕೆ ನಮ್ಮ ಹಿರಿಯರು ಗಾಬರಿಯಲ್ಲಿ ಹಾಲ್ ಮ್ಯಾನೇಜರ್‌ಗೆ ವಾಟ್ಸ್ಆ್ಯಪ್ ಕಳಿಸಿದರು: "ಹಮ್ ಶಾದಿ ಕ್ಯಾನ್ಸಲ್ ಕರ್ ರಹೇ ಹೈ, ಪೈಸಾ ವಾಪಸ್ ಕರೋ." ಈ ಒಂದು ಸಾಲು ನೋಡಿ ನಾನು ತಲೆ ಮೇಲೆ ಕೈ ಇಟ್ಟೆ. ಮದುವೆಗೆ ಉಳಿದಿದ್ದು 29 ದಿನ. ಅಂದರೆ ರಸೀದಿಯ ಷರತ್ತಿನೊಳಗೆ ತಾವಾಗಿಯೇ ಹೋಗಿ ಬಿದ್ದಿದ್ದರು. "ಲಾಕ್‌ಡೌನ್ ಆಗಿತ್ತಲ್ಲ ವಕೀಲ್ರೇ!" ಎಂದರು. ಆಗಿತ್ತು, ಏಪ್ರಿಲ್ 14ರವರೆಗೆ. 26ರ ಮದುವೆ ಮಾರ್ಚ್ 28ರಂದು ಅನುಮಾನದಲ್ಲಿತ್ತು, ಅಸಾಧ್ಯವಾಗಿರಲಿಲ್ಲ. ಏಪ್ರಿಲ್ 14ರಂದು ಲಾಕ್‌ಡೌನನ್ನು ಮೇ 3ರವರೆಗೆ ವಿಸ್ತರಿಸಿದ ದಿನ ಅದು ಅಸಾಧ್ಯವಾಯಿತು. ಕಲಮಿನ ಮಾತೂ ಅದೇ: ಕೆಲಸ ಅಸಾಧ್ಯವಾದಾಗ ಕರಾರು ಶೂನ್ಯವಾಗುತ್ತದೆ. ನಿಮಗೆ ಭಯ ಹುಟ್ಟಿದ ದಿನದ ಲೆಕ್ಕ ಅಲ್ಲಿಲ್ಲ.

ನಮ್ಮನ್ನು ಉಳಿಸಿದ್ದು ಮ್ಯಾನೇಜರ್‌ನ ಉತ್ತರ. ಅವನು ಬರೆದಿದ್ದ: "ಅಭೀ ಕ್ಯಾನ್ಸಲ್ ಮತ್ ಕರೋ, ಲಾಕ್‌ಡೌನ್ ಖುಲ್ನೇ ದೋ." ಬುಕಿಂಗ್ ಕೈಬಿಡದಿರಲಿ ಎಂದು ಹೇಳಿದ್ದಷ್ಟೆ. ಆದರೆ ಕಾನೂನಿನಲ್ಲಿ ಒಬ್ಬ "ನಾನು ಕರಾರು ನಡೆಸುವುದಿಲ್ಲ" ಎಂದ ಮಾತ್ರಕ್ಕೆ ಕರಾರು ಮುಗಿಯುವುದಿಲ್ಲ. ಅದನ್ನು ಮುಗಿಸುವ ಆಯ್ಕೆ, 39ನೇ ಕಲಮಿನ ಪ್ರಕಾರ, ಎದುರಿನವನದು. ಎದುರಿನವನು ಒಪ್ಪದೆ ಕರಾರನ್ನು ಜೀವಂತ ಇಟ್ಟುಕೊಂಡರೆ, ಆಮೇಲೆ ಬಂದೊದಗುವ ಆಪತ್ತಿನ ಲಾಭ ಇಬ್ಬರಿಗೂ ಸಿಗುತ್ತದೆ. ಒಡೆಸಾ ಬಂದರಿನಲ್ಲಿ ಸರಕಿಗಾಗಿ ಕಾದು ನಿಂತಿದ್ದ ಒಂದು ಹಡಗಿನ ಹಳೆಯ ಇಂಗ್ಲಿಷ್ ಕೇಸು ಇದನ್ನೇ ಹೇಳುತ್ತದೆ. ಸರಕು ಇಲ್ಲ, ಹೋಗು ಎಂದರೂ ಕ್ಯಾಪ್ಟನ್ ಹೋಗಲಿಲ್ಲ. ಗಡುವು ಮುಗಿಯುವ ಮೊದಲೇ ಕ್ರಿಮಿಯಾ ಯುದ್ಧ ಶುರುವಾಯಿತು, ಕರಾರು ಅಲ್ಲಿಗೇ ಸತ್ತಿತು, ಪರಿಹಾರವೂ ಸಿಗಲಿಲ್ಲ. ನಮ್ಮ ಮ್ಯಾನೇಜರ್ ಆ ಕ್ಯಾಪ್ಟನ್‌ನಂತೆಯೇ ನಿಂತಿದ್ದ. ಅವನು "ಠೀಕ್ ಹೈ, ಕ್ಯಾನ್ಸಲ್" ಎಂದು ಬರೆದಿದ್ದರೆ ನನ್ನ ನೋಟಿಸ್ ಬಹಳ ಸಪ್ಪೆಯಾಗುತ್ತಿತ್ತು.

ಕರಾರು ಶೂನ್ಯವಾದ ಮೇಲೆ 65ನೇ ಕಲಮು ಬರುತ್ತದೆ. ಅದರಡಿ ಪಡೆದ ಲಾಭವನ್ನು ಹಿಂದಿರುಗಿಸಬೇಕು. ಕಾಯ್ದೆಯೊಳಗೇ ಒಂದು ಉದಾಹರಣೆ ಇದೆ: ಕಛೇರಿಗೆಂದು 1,000 ರೂಪಾಯಿ ಮುಂಗಡ ತೆಗೆದುಕೊಂಡ ಗಾಯಕ ಕಾಯಿಲೆ ಬಿದ್ದು ಹಾಡಲಾಗದಿದ್ದರೆ ಮುಂಗಡ ವಾಪಸ್ ಕೊಡಬೇಕು. ಆದರೆ ಕಛೇರಿ ನಡೆದಿದ್ದರೆ ಬರುತ್ತಿದ್ದ ಲಾಭ ತುಂಬಿಕೊಡಬೇಕಿಲ್ಲ. ಹಿರಿಯರಿಗೆ ಇದರ ಎರಡನೇ ಅರ್ಧ ನುಂಗಲಾಗಲಿಲ್ಲ. ಲಗ್ನಪತ್ರಿಕೆ ಅಚ್ಚು ಹಾಕಿಸಿದ ದುಡ್ಡು, ಊರಿನಿಂದ ಬರುವವರ ರೈಲು ಟಿಕೆಟ್ಟು, "ನಮ್ಮ ಮನಸ್ಸಿಗಾದ ನೋವು", ಎಲ್ಲ ಸೇರಿಸಿ ಕೇಳಿ ಎಂದು ಹಟ ಹಿಡಿದರು. ಅಸಾಧ್ಯ ಎಂದರೆ ಯಾರ ತಪ್ಪೂ ಇಲ್ಲ ಎಂದರ್ಥ, ತಪ್ಪಿಲ್ಲದವನಿಂದ ಪರಿಹಾರ ಹೇಗೆ ಕೇಳುವುದು? ಮೂರು ಸಲ ಹೇಳಿದೆ. ನಾಲ್ಕನೇ ಸಲ ಅವರ ಹೆಂಡತಿಯೇ, "ಸಾಕು ಮಾರಾಯ್ರೆ, ಕೊಟ್ಟದ್ದು ಬಂದ್ರೆ ಸಾಕು" ಎಂದರು.

ಹಾಲ್‌ನವರು ಮೊದಲು ಮುಂದಿನ ವರ್ಷದ ದಿನಾಂಕ ಕೊಡುತ್ತೇವೆ ಎಂದರು. ಸಹಿ ಹಾಕಬೇಡಿ ಎಂದೆ. ಹೊಸ ದಿನಾಂಕ ಒಪ್ಪಿದರೆ ಅದು ಹೊಸ ಕರಾರು, ಹಳೆಯದರ ಹಕ್ಕು ಹೋಯಿತು ಎಂಬ ವಾದಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಕೊನೆಗೆ ಸ್ವಚ್ಛತೆ, ಕಾವಲಿನ ಖರ್ಚು ಎಂದು 15,000 ಹಿಡಿದುಕೊಂಡು 1,35,000 ಕೊಟ್ಟರು. ಆ ಹದಿನೈದೂ ಬರಬೇಕಿತ್ತೇ? ನನ್ನ ಪ್ರಕಾರ ಬಲವಾಗಿ ಕೇಳಬಹುದಿತ್ತು, ಆದರೆ ಅದಕ್ಕಾಗಿ ಥಾಣೆಗೆ ಎರಡು ವರ್ಷ ಓಡಾಡುವ ಮನಸ್ಸು ಅವರಿಗಿರಲಿಲ್ಲ.

ಈಗ ಹೋದ ತಿಂಗಳ ಹುಡುಗನ ಹತ್ತಿರ ಬರೋಣ. 56 ಸಿಗದಿದ್ದರೂ ಹಾಲ್‌ನವರು ಪೂರ್ತಿ ಅಡ್ವಾನ್ಸ್ ನುಂಗಬಹುದು ಎಂದೇನಿಲ್ಲ. ಅದು 74ನೇ ಕಲಮಿನ ಮಾತು. ರಸೀದಿಯಲ್ಲಿ ಏನೇ ಬರೆದಿರಲಿ, ಕರಾರು ಮುರಿದವನಿಂದ ಸಿಗುವುದು ಯುಕ್ತ ಪರಿಹಾರ ಮಾತ್ರ. ನಷ್ಟವನ್ನು ಲೆಕ್ಕ ಹಾಕಲು ಸಾಧ್ಯವಿದ್ದರೆ ಅದನ್ನು ಸಾಬೀತು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಸ್ ನಾಥ್ ಪ್ರಕರಣದಲ್ಲಿ ಹೇಳಿದೆ. ಅದೇ ದಿನಕ್ಕೆ ಹಾಲ್ ಬೇರೆಯವರಿಗೆ ಹೋಗಿದ್ದರೆ ನಷ್ಟ ಎಲ್ಲಿಂದ ಬಂತು? "ಬುಕಿಂಗ್ ಬಂದಿಲ್ಲ ಅಂತಾರೆ ಸರ್," ಎಂದ ಹುಡುಗ. ಹಾಗಾದರೆ ನಿನ್ನ ಮದುವೆ ಆಗಬೇಕಿದ್ದ ದಿನ ಬೆಳಿಗ್ಗೆ ಹೋಗಿ ಗೇಟಿನ ಹತ್ತಿರ ನಿಂತು ಬಾ ಎಂದೆ. ಆಮೇಲೆ, ಮನಸ್ಸು ಮುರಿದ ಹುಡುಗನಿಗೆ ಎಂಥ ಮಾತು ಹೇಳಿದೆನಲ್ಲ ಎಂದು ನನಗೇ ಕಸಿವಿಸಿಯಾಯಿತು.

ಅವನು ಹೋಗಲಿಲ್ಲ, ತಾಯಿ ಹೋಗಿದ್ದರು. ಒಂಬತ್ತೂವರೆಗೆ ಫೋಟೋ ಬಂತು: ಚೆಂಡುಹೂವಿನ ಕಮಾನು, ಅದರ ಕೆಳಗೆ ಥರ್ಮಾಕೋಲ್ ಬೋರ್ಡಿನಲ್ಲಿ ಬೇರೆ ಯಾರದೋ ಎರಡು ಹೆಸರು.