‘ನೀವೂ ಕಳಿಸಿ, ನಾವೂ ಕಳಿಸುತ್ತೇವೆ’ ಅಂದವರು ಗ್ರಾಹಕರನ್ನು ಯಾಕೆ ಕಳಿಸುವುದಿಲ್ಲ?

ಓದುಗರ ಪ್ರಶ್ನೆ: ನಾನು ಸ್ವತಂತ್ರವಾಗಿ ವೆಬ್‌ಸೈಟ್ ವಿನ್ಯಾಸ ಮಾಡುತ್ತೇನೆ. ಲೋಗೊ ಮಾಡುವವರು, ಬರಹಗಾರರು, ಫೋಟೋಗ್ರಾಫರ್‌ಗಳು, ಆನ್‌ಲೈನ್ ಜಾಹೀರಾತು ನೋಡಿಕೊಳ್ಳುವವರು, ಹೀಗೆ ಅಕ್ಕಪಕ್ಕದ ಕೆಲಸದವರು ಸಾಕಷ್ಟು ಮಂದಿ ಪರಿಚಯವಿದ್ದಾರೆ. ‘ಯಾರಾದರೂ ಸಿಕ್ಕರೆ ಕಳಿಸೋಣ’ ಎಂದು ಪರಸ್ಪರ ಮಾತೂ ಆಗಿದೆ. ಆದರೆ ಇದುವರೆಗೆ ಹೀಗೆ ಒಬ್ಬ ಗ್ರಾಹಕರೂ ಬಂದಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ಮಾತು ಕೊಟ್ಟವರು ನಿಮಗೆ ಸುಳ್ಳು ಹೇಳಿಲ್ಲ. ಕಳಿಸಬೇಕೆಂಬ ಮನಸ್ಸು ಅವರಿಗೆ ನಿಜವಾಗಿಯೂ ಇರುತ್ತದೆ. ಆದರೆ ಕಳಿಸುವ ಸಂದರ್ಭ ಬಂದಾಗ ಎರಡರಲ್ಲಿ ಒಂದು ಅಡ್ಡ ಬರುತ್ತದೆ. ಒಂದೋ, ಇದು ನಿಮ್ಮನ್ನು ನೆನಪಿಸಿಕೊಳ್ಳಬೇಕಾದ ಸಂದರ್ಭ ಎಂದು ಅವರಿಗೆ ಹೊಳೆಯುವುದೇ ಇಲ್ಲ. ಇಲ್ಲವೇ, ಹೊಳೆದರೂ ‘ಇವರನ್ನು ಕಳಿಸಿ, ಕೆಲಸ ಕೆಟ್ಟರೆ ನನ್ನ ಗ್ರಾಹಕರ ಮುಂದೆ ನನ್ನ ಮುಖ ಎಲ್ಲಿಡಲಿ?’ ಎಂದು ಸುಮ್ಮನಾಗುತ್ತಾರೆ. ನೀವು ಸರಿಪಡಿಸಬೇಕಾದದ್ದು ಈ ಎರಡನ್ನೇ. ಪರಿಚಯಸ್ಥರ ಸಂಖ್ಯೆ ಹೆಚ್ಚಿಸುವುದರಿಂದ ಇವೆರಡೂ ಸರಿಹೋಗುವುದಿಲ್ಲ.

ಮೊದಲು ಯಾರನ್ನು ಹಿಡಿಯಬೇಕು ಎಂಬುದನ್ನು ನೋಡೋಣ. ನಿಮ್ಮ ಹಿಂದಿನ ಹತ್ತು ಗ್ರಾಹಕರ ಕಡತ ತೆಗೆಯಿರಿ. ಪ್ರತಿಯೊಬ್ಬರೂ ನಿಮ್ಮ ಬಳಿ ಬರುವ ಮೊದಲಿನ ಮೂರು ತಿಂಗಳಲ್ಲಿ ಬೇರೆ ಯಾರಿಗೆ ಹಣ ಕೊಟ್ಟಿದ್ದರು, ನಿಮ್ಮ ಕೆಲಸ ಮುಗಿದ ಮೂರು ತಿಂಗಳಲ್ಲಿ ಯಾರಿಗೆ ಕೊಟ್ಟರು ಎಂದು ಬರೆಯಿರಿ. ಗೊತ್ತಿಲ್ಲದಿದ್ದರೆ ಅವರನ್ನೇ ಕೇಳಿ, ಹಳೆಯ ಗ್ರಾಹಕರು ಇಂಥ ಪ್ರಶ್ನೆಗೆ ಖುಷಿಯಿಂದಲೇ ಉತ್ತರಿಸುತ್ತಾರೆ. ಪಟ್ಟಿಯಲ್ಲಿ ಯಾವ ಕಸುಬು ಮತ್ತೆ ಮತ್ತೆ ಕಾಣುತ್ತದೋ ಅದೇ ನಿಮ್ಮ ನಿಜವಾದ ನೆರೆಯ ಕಸುಬು. ವೆಬ್‌ಸೈಟ್ ವಿನ್ಯಾಸಕರಿಗೆ ಸಾಮಾನ್ಯವಾಗಿ ಮುಂಚೆ ಲೋಗೊ ಮಾಡುವವರು ಕಾಣಿಸುತ್ತಾರೆ, ಹೊಸ ವ್ಯಾಪಾರದ ನೋಂದಣಿ ಮಾಡಿಸಿಕೊಡುವವರು ಕಾಣಿಸುತ್ತಾರೆ. ಕೆಲಸ ಮುಗಿದ ಮೇಲೆ ಜಾಹೀರಾತಿನವರು ಬರುತ್ತಾರೆ. ಫೋಟೋಗ್ರಾಫರ್‌ಗಳನ್ನು ಹೆಚ್ಚಾಗಿ ನೀವೇ ಕರೆಸಿರುತ್ತೀರಿ, ಅಂದರೆ ಅಲ್ಲಿ ಗ್ರಾಹಕರು ನಿಮ್ಮಿಂದ ಅವರ ಕಡೆಗೇ ಹರಿಯುತ್ತಾರೆ. ಅವರಿಂದ ಅಷ್ಟೇ ವಾಪಸ್ ಬರಲಿ ಎಂದು ಕಾದರೆ ನಿರಾಶೆ ಖಂಡಿತ.

ಈ ಪಟ್ಟಿಯಿಂದ ಮೂರರಿಂದ ಐದು ಜನರನ್ನು ಆರಿಸಿಕೊಂಡರೆ ಸಾಕು. ಅದಕ್ಕಿಂತ ಹೆಚ್ಚಾದರೆ ಅವರ ಕೆಲಸ ಹೇಗಿದೆ, ಈಗ ಯಾರಿಗೆ ಮಾಡುತ್ತಿದ್ದಾರೆ, ಕೈ ಖಾಲಿ ಇದೆಯೇ ಎಂಬುದನ್ನು ನೆನಪಿಟ್ಟುಕೊಳ್ಳುವುದು ಕಷ್ಟ. ಅದು ನೆನಪಿಲ್ಲದೆ ನೀವೂ ಯಾರನ್ನೂ ಸರಿಯಾಗಿ ಕಳಿಸಲಾರಿರಿ. ಇನ್ನೊಂದು ಅಳತೆಯನ್ನೂ ನೋಡಿ: ಅವರ ಗ್ರಾಹಕರು ಮತ್ತು ನಿಮ್ಮ ಗ್ರಾಹಕರು ಕೆಲಸಕ್ಕೆ ಖರ್ಚು ಮಾಡುವ ಮಟ್ಟ ಹತ್ತಿರ ಹತ್ತಿರ ಇರಬೇಕು. ಅತಿ ಕಡಿಮೆ ದರಕ್ಕೆ ಲೋಗೊ ಮಾಡಿಕೊಡುವವರು ಎಷ್ಟೇ ಒಳ್ಳೆಯವರಾಗಿದ್ದರೂ ಅವರು ಕಳಿಸಿದವರು ನಿಮ್ಮ ದರ ಕೇಳಿ ಹಿಂದೆ ಸರಿಯುತ್ತಾರೆ. ಎರಡು ಸಲ ಹೀಗಾದರೆ ಅವರು ಕಳಿಸುವುದನ್ನೇ ನಿಲ್ಲಿಸುತ್ತಾರೆ.

ಇನ್ನು ಭೇಟಿ. ಅವರ ಅರ್ಧ ಗಂಟೆ ಸಮಯ ಕೇಳಿ, ಅದರಲ್ಲಿ ಮುಕ್ಕಾಲು ಪಾಲು ಅವರ ಕೆಲಸದ ಬಗ್ಗೆಯೇ ಮಾತಾಡಿ. ತಿಳಿದುಕೊಳ್ಳಬೇಕಾದ ಸಂಗತಿಗಳು ನಾಲ್ಕೇ: ಅವರಿಗೆ ಎಂಥ ಗ್ರಾಹಕರು ಇಷ್ಟ, ಎಂಥವರು ಬೇಡ, ಗ್ರಾಹಕರು ಏನು ಹೇಳಿದಾಗ ‘ಇದು ನನ್ನ ಕೆಲಸ’ ಅಂತ ಅವರಿಗೆ ಗೊತ್ತಾಗುತ್ತದೆ, ಮತ್ತು ಅವರ ಗ್ರಾಹಕರು ಪದೇ ಪದೇ ಕೇಳುವ, ಅವರು ಮಾಡದ ಕೆಲಸ ಯಾವುದು. ಮೂರನೆಯದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ನಾಲ್ಕನೆಯದರಲ್ಲಿ ನಿಮ್ಮ ಜಾಗ ಇದೆಯೋ ಇಲ್ಲವೋ ತಿಳಿಯುತ್ತದೆ.

ಈಗ ಅವರಿಗೆ ನಿಮ್ಮ ಬಗ್ಗೆ ಏನು ಹೇಳಬೇಕು? ಹೆಚ್ಚಿನವರು ಎಡವುವುದು ಇಲ್ಲೇ. ‘ವೆಬ್‌ಸೈಟ್ ಬೇಕಾದವರು ಯಾರಾದರೂ ಇದ್ದರೆ ಹೇಳಿ’ ಎಂಬ ಮಾತು ಕೇಳಿದವರ ತಲೆಯಲ್ಲಿ ನಿಲ್ಲುವುದಿಲ್ಲ, ಯಾಕೆಂದರೆ ‘ನನಗೆ ವೆಬ್‌ಸೈಟ್ ವಿನ್ಯಾಸಕರು ಬೇಕು’ ಎಂದು ಗ್ರಾಹಕರು ಬಾಯಿಬಿಟ್ಟು ಹೇಳುವುದು ಅಪರೂಪ. ಅವರು ಹೇಳುವುದು ತಮ್ಮ ತೊಂದರೆಯನ್ನು. ಆದ್ದರಿಂದ ಗ್ರಾಹಕರ ಬಾಯಲ್ಲಿ ಬರುವ ವಾಕ್ಯವನ್ನೇ ಕೊಡಿ. ಜಾಹೀರಾತಿನವರಿಗೆ ಹೀಗೆ ಹೇಳಬಹುದು: ‘ಕ್ಲಿಕ್ ಬರುತ್ತಿದೆ, ವಿಚಾರಣೆ ಬರುತ್ತಿಲ್ಲ ಎಂದು ಯಾರಾದರೂ ಹೇಳಿದರೆ, ಅಥವಾ ಅವರ ಸೈಟ್ ಫೋನಿನಲ್ಲಿ ತೆರೆಯಲು ತಡವಾಗುತ್ತಿದ್ದರೆ, ನನಗೆ ಒಂದು ಫೋನ್ ಮಾಡಿ.’ ಲೋಗೊ ಮಾಡುವವರಿಗೆ ಇದೇ ವಾಕ್ಯ ಕೆಲಸಕ್ಕೆ ಬಾರದು. ಅವರ ಕಿವಿಗೆ ಬೀಳುವುದು ‘ಹೊಸ ಲೋಗೊ ಬಂತು, ಸೈಟ್ ಮಾತ್ರ ಹಳೆಯದೇ ಇದೆ’ ಎಂಬ ಮಾತು. ಒಬ್ಬೊಬ್ಬರಿಗೆ ಒಂದೊಂದು, ಹೆಚ್ಚೆಂದರೆ ಎರಡು ವಾಕ್ಯ ಕೊಡಿ.

ಯಾರು ನಿಮಗೆ ಬೇಡ ಎಂಬುದನ್ನೂ ಹೇಳಲೇಬೇಕು. ‘ದೊಡ್ಡ ಆನ್‌ಲೈನ್ ಅಂಗಡಿಗಳನ್ನು ನಾನು ಕಟ್ಟುವುದಿಲ್ಲ, ಎರಡು ವಾರಕ್ಕಿಂತ ಬೇಗ ಬೇಕು ಅನ್ನುವವರಿಗೆ ಆಗುವುದಿಲ್ಲ’ ಎಂದು ಸ್ಪಷ್ಟವಾಗಿ ಹೇಳಿದರೆ ಎದುರಿನವರಿಗೆ ಧೈರ್ಯ ಬರುತ್ತದೆ. ಎಲ್ಲವನ್ನೂ ಮಾಡುತ್ತೇನೆ ಎನ್ನುವವರನ್ನು ಶಿಫಾರಸು ಮಾಡಲು ಹೆದರಿಕೆಯಾಗುವುದು ಸಹಜವೇ.

ಎರಡನೆಯ ಅಡ್ಡಿ ಅವರ ಭಯ. ಇದನ್ನು ಮಾತಿನಿಂದ ಹೋಗಲಾಡಿಸಲಾಗದು. ಅವರು ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಬೇಕು. ಒಂದು ಸಣ್ಣ, ಅಪಾಯವಿಲ್ಲದ ಅವಕಾಶವನ್ನು ನೀವೇ ಸೃಷ್ಟಿಸಿ: ಅವರ ಗ್ರಾಹಕರೊಬ್ಬರ ಸೈಟನ್ನು ಇಪ್ಪತ್ತು ನಿಮಿಷ ನೋಡಿ, ಕಂಡ ಮೂರು ಲೋಪಗಳನ್ನು ಒಂದು ಪುಟದಲ್ಲಿ ಬರೆದು ಅವರ ಕೈಗೇ ಕೊಡಿ, ಗ್ರಾಹಕರಿಗೆ ನೇರವಾಗಿ ಕಳಿಸಬೇಡಿ. ಅದನ್ನು ಅವರು ತಮ್ಮ ಹೆಸರಿನಲ್ಲೇ ಬಳಸಿಕೊಂಡರೂ ಸರಿ. ನಿಮ್ಮ ಕೆಲಸದ ಮಟ್ಟ ಅವರಿಗೆ ತಿಳಿಯಿತು, ನೀವು ಅವರನ್ನು ದಾಟಿ ಹೋಗುವವರಲ್ಲ ಎಂಬುದೂ ತಿಳಿಯಿತು. ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ: ಮೊದಲ ಗ್ರಾಹಕರನ್ನು ನೀವೇ ಅವರಿಗೆ ಕಳಿಸುವುದು. ಆದರೆ ಲೆಕ್ಕ ಶುರು ಮಾಡಲೆಂದು ಹೊಂದದ ಗ್ರಾಹಕರನ್ನು ತಳ್ಳಬೇಡಿ. ಅದರಿಂದ ಅವರ ಸಮಯ ಹಾಳು, ನಿಮ್ಮ ತೀರ್ಮಾನಶಕ್ತಿಯ ಮೇಲೆ ಅವರಿಗಿದ್ದ ವಿಶ್ವಾಸವೂ ಹಾಳು.

ಒಂದು ಉದಾಹರಣೆ ಹಿಡಿದು ಕೊನೆತನಕ ನೋಡೋಣ. ದಂತವೈದ್ಯೆಯೊಬ್ಬರಿಗೆ ಜಾಹೀರಾತು ನಡೆಸುತ್ತಿರುವವರು ನಿಮ್ಮ ಪರಿಚಯದವರು ಎಂದುಕೊಳ್ಳಿ. ತಿಂಗಳಿಗೆ ಮುನ್ನೂರು ಮಂದಿ ಜಾಹೀರಾತು ಒತ್ತಿ ಸೈಟಿಗೆ ಬರುತ್ತಿದ್ದಾರೆ, ಆದರೆ ಸಮಯ ಕಾದಿರಿಸುತ್ತಿರುವವರು ನಾಲ್ಕೇ ಮಂದಿ. ವೈದ್ಯೆ ಜಾಹೀರಾತಿನವರನ್ನೇ ದೂರುತ್ತಿದ್ದಾರೆ. ಆಗ ಜಾಹೀರಾತಿನವರಿಗೆ ನಿಮ್ಮ ವಾಕ್ಯ ನೆನಪಾಗುತ್ತದೆ. ಇಲ್ಲಿ ನಿಮ್ಮನ್ನು ಕಳಿಸುವುದರಲ್ಲಿ ಅವರ ಸ್ವಂತ ಹಿತವೂ ಇದೆ ಎಂಬುದನ್ನು ಗಮನಿಸಿ. ಸೈಟ್ ಸರಿಹೋದರೆ ಅವರ ಗ್ರಾಹಕರು ಉಳಿಯುತ್ತಾರೆ. ಇಂಥ ಹಿತ ಇರುವಲ್ಲಿಯೇ ಸಂಬಂಧ ಬಹುಕಾಲ ಬಾಳುತ್ತದೆ.

ಅವರು ವೈದ್ಯೆಯ ನಂಬರನ್ನು ನಿಮಗೆ ಕೊಟ್ಟು ‘ಮಾತಾಡಿ’ ಎಂದರೆ ಒಪ್ಪಬೇಡಿ. ಮೊದಲು ವೈದ್ಯೆಯನ್ನು ಕೇಳಲಿ, ಅವರು ಹೂಂ ಅಂದ ಮೇಲೆ ಮೂವರೂ ಇರುವ ಒಂದು ಸಂದೇಶ ಕಳಿಸಲಿ. ಅದನ್ನು ಬರೆಯುವ ಶ್ರಮ ತಪ್ಪಿಸಲು ಕರಡನ್ನು ನೀವೇ ಕೊಡಬಹುದು:

‘ಡಾಕ್ಟರೇ, ಫೋನಿನಲ್ಲಿ ಸೈಟ್ ತಡವಾಗುವ ವಿಷಯ ಮಾತಾಡಿದ್ದೆವಲ್ಲ, ಅದನ್ನು ನೋಡುವವರು ಇವರು. ಮೊದಲು ಅರ್ಧ ಗಂಟೆ ಪರಿಶೀಲಿಸಿ ಏನಾಗಿದೆ ಎಂದು ಹೇಳುತ್ತಾರೆ, ಮುಂದುವರಿಯುವುದು ಬಿಡುವುದು ನಿಮ್ಮಿಷ್ಟ. ಜಾಹೀರಾತಿನ ಕೆಲಸ ಎಂದಿನಂತೆ ನನ್ನ ಬಳಿಯೇ ಇರುತ್ತದೆ.’

ಕೊನೆಯ ವಾಕ್ಯ ಚಿಕ್ಕದು, ಆದರೆ ಅದನ್ನು ಬಿಡಬೇಡಿ. ಯಾವ ಕೆಲಸ ಯಾರದು ಎಂಬುದು ಮೊದಲ ದಿನವೇ ಮೂವರಿಗೂ ಗೊತ್ತಾಗಲಿ.

ಸಂದೇಶ ಬಂದ ದಿನವೇ ಉತ್ತರಿಸಿ. ಎರಡು ದಿನ ತಡವಾದರೆ ಮುಜುಗರ ಪರಿಚಯಿಸಿದವರದು. ಉತ್ತರದಲ್ಲಿ ಅವರಿಗೆ ಒಂದು ಸಾಲು ಧನ್ಯವಾದ ಹೇಳಿ, ಮುಂದಿನ ಮಾತುಕತೆಯನ್ನು ವೈದ್ಯೆಯೊಂದಿಗೆ ಬೇರೆಯಾಗಿ ನಡೆಸಿ. ಆಮೇಲೆ ಮೂರು ಸಂದರ್ಭಗಳಲ್ಲಿ ಪರಿಚಯಿಸಿದವರಿಗೆ ಸುದ್ದಿ ಮುಟ್ಟಿಸಿ: ಮೊದಲ ಭೇಟಿ ಆದಾಗ, ಕೆಲಸ ಒಪ್ಪಿಕೊಂಡಾಗ ಅಥವಾ ಕೈಬಿಟ್ಟಾಗ, ಮುಗಿದಾಗ. ಒಂದೆರಡು ಸಾಲು ಸಾಕು. ಗ್ರಾಹಕರ ಹಣಕಾಸು, ಒಳಗಿನ ಜಗಳ ಇಂಥದ್ದೇನೂ ಅದರಲ್ಲಿ ಬರಬಾರದು. ಒಮ್ಮೆ ಕಳಿಸಿದ ಮೇಲೆ ಏನಾಯಿತು ಎಂದೇ ಗೊತ್ತಾಗದಿದ್ದರೆ ಎರಡನೆಯ ಸಲ ಕಳಿಸಲು ಯಾರಿಗೂ ಕೈ ಬರುವುದಿಲ್ಲ. ಒಬ್ಬರೇ ಒಬ್ಬ ಗ್ರಾಹಕರು ಬಂದು ಅಲ್ಲಿಗೇ ನಿಂತುಹೋಗುವ ಸಂಬಂಧಗಳಲ್ಲಿ ಮೊದಲು ಪರಿಶೀಲಿಸಬೇಕಾದದ್ದು ಇದನ್ನೇ.

ಕಮಿಷನ್ ಕೊಡಬೇಕೇ ಎಂಬ ಪ್ರಶ್ನೆಯೂ ಇದರ ಹಿಂದೆಯೇ ಬರುತ್ತದೆ. ವಕೀಲರು, ವೈದ್ಯರು, ಲೆಕ್ಕಪರಿಶೋಧಕರು ಇಂಥ ವೃತ್ತಿಗಳಲ್ಲಿ ಗ್ರಾಹಕರನ್ನು ಕಳಿಸಿದ್ದಕ್ಕೆ ಹಣ ಕೊಡುವುದನ್ನು ಅನೇಕ ಕಡೆ ವೃತ್ತಿ ನಿಯಮಗಳೇ ನಿಷೇಧಿಸುತ್ತವೆ ಇಲ್ಲವೇ ಬಿಗಿಯಾಗಿ ಮಿತಿಗೊಳಿಸುತ್ತವೆ. ಎದುರಿನವರು ಅಂಥ ವೃತ್ತಿಯವರಾದರೆ ಅವರ ನಿಯಮ ಏನೆಂದು ಮೊದಲೇ ಕೇಳಿ. ನಿಯಮದ ತೊಡಕಿಲ್ಲದ ಕೆಲಸಗಳಲ್ಲೂ ನನ್ನ ಅಭಿಪ್ರಾಯ, ಹಣ ಬೇಡ. ಹಣ ಬಂದ ಕ್ಷಣ ‘ಇವರು ನಿಮಗೆ ಸರಿಹೊಂದುತ್ತಾರೆ’ ಎಂಬ ಮಾತಿನ ತೂಕ ಇಳಿಯುತ್ತದೆ. ಕೊಡಲೇಬೇಕೆಂದಿದ್ದರೆ ಎಷ್ಟು, ಯಾವಾಗ ಎಂಬುದು ಬರವಣಿಗೆಯಲ್ಲಿರಲಿ, ಗ್ರಾಹಕರಿಗೂ ಮುಂಚೆಯೇ ತಿಳಿದಿರಲಿ. ಆಮೇಲೆ ಬೇರೆ ಕಡೆಯಿಂದ ಗೊತ್ತಾದರೆ ಅವರು ಇಬ್ಬರನ್ನೂ ಬಿಡುತ್ತಾರೆ.

ಕಳಿಸಿದ್ದು, ಬಂದದ್ದು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಡಿ: ದಿನಾಂಕ, ಯಾರಿಂದ ಯಾರಿಗೆ, ಗ್ರಾಹಕರು ಹೇಳಿದ ತೊಂದರೆ, ಕೆಲಸ ಆಯಿತೇ, ಸುದ್ದಿ ಮುಟ್ಟಿಸಿದ್ದೀರಾ. ಮೂರು ತಿಂಗಳಿಗೊಮ್ಮೆ ನೋಡಿ. ಎಣಿಕೆ ಸಮವಾಗಿದೆಯೇ ಎಂದು ತೂಗಲು ಹೋಗಬೇಡಿ, ಮೊದಲೇ ಹೇಳಿದಂತೆ ಕೆಲವು ಕಸುಬುಗಳ ನಡುವಿನ ಹರಿವೇ ಒಮ್ಮುಖ. ಬಂದವರು ಯಾಕೆ ಗ್ರಾಹಕರಾಗಲಿಲ್ಲ ಎಂಬುದನ್ನು ನೋಡಿ. ಒಬ್ಬರೇ ಕಳಿಸಿದ ಮೂವರೂ ದರದ ಕಾರಣಕ್ಕೆ ಹಿಂದೆ ಸರಿದಿದ್ದರೆ, ಕೆಲಸ ಎಷ್ಟರಿಂದ ಶುರುವಾಗುತ್ತದೆ ಎಂಬುದನ್ನು ನೀವು ಅವರಿಗೆ ಹೇಳಿಯೇ ಇಲ್ಲ ಎಂದರ್ಥ. ನೀವು ಕಳಿಸಿದವರಿಂದ ದೂರು ಬಂದರೆ ಅದನ್ನು ನುಂಗಿಕೊಳ್ಳದೆ ಪರಿಚಯದವರಿಗೆ ನೇರವಾಗಿ ತಿಳಿಸಿ. ಅವರು ಸರಿಪಡಿಸಿದರೆ ಮತ್ತೆ ಕಳಿಸಬಹುದು. ಉಡಾಫೆ ಮಾಡಿದರೆ ಅವರಿಗೆ ಕಳಿಸುವುದನ್ನು ನಿಲ್ಲಿಸಿ, ಅವರ ಜಾಗಕ್ಕೆ ಬೇರೊಬ್ಬರನ್ನು ಹುಡುಕಿ.

ಕೊನೆಗೆ, ಒಳ್ಳೆಯ ಸಂಬಂಧವನ್ನೂ ಒಡೆಯುವ ಸಂದರ್ಭ ಒಂದಿದೆ. ಸೈಟ್ ಚೆನ್ನಾಗಿ ಬಂದ ಸಂತೋಷದಲ್ಲಿ ಆ ದಂತವೈದ್ಯೆ ‘ಜಾಹೀರಾತನ್ನೂ ನೀವೇ ನೋಡಿಕೊಳ್ಳಿ, ಅವರಿಗೆ ಬೇಡ ಅನ್ನುತ್ತೇನೆ’ ಎನ್ನಬಹುದು. ಆಗ ‘ಅದು ಅವರ ಕೆಲಸ, ನಾನು ತೆಗೆದುಕೊಳ್ಳುವುದಿಲ್ಲ. ತೊಂದರೆ ಏನಿದ್ದರೂ ಅವರೊಂದಿಗೇ ಮಾತಾಡಿ’ ಎಂದು ಹೇಳಿ, ವೈದ್ಯೆಯ ಒಪ್ಪಿಗೆ ಪಡೆದು ಅದೇ ದಿನ ಜಾಹೀರಾತಿನವರಿಗೂ ತಿಳಿಸಿ. ವೈದ್ಯೆ ಹೇಗಿದ್ದರೂ ಅವರನ್ನು ಬಿಟ್ಟು ಬೇರೆ ಕಡೆ ಹೋಗಬಹುದು, ಅದು ವೈದ್ಯೆಯ ಹಕ್ಕು. ಹೋದರೂ ಆ ಕೆಲಸ ನಿಮ್ಮ ಕೈಗೆ ಬರಬಾರದು.